ಶಾಲೆಯ ಮಾಡು ಬಿಚ್ಚುವ ಮುನ್ನ ಯಾರನ್ನು ಕೇಳಬೇಕು?

ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ಮಂಗಳೂರು ಹೆಂಚಿನ ಮಾಡು, ಗೆದ್ದಲು ಹಿಡಿದ ಪಕಾಸಿಗಳು, ಮೂಲೆಯ ಕೊಠಡಿಯಲ್ಲಿ ಮಳೆಗಾಲವಿಡೀ ಬಕೆಟ್ಟು. ದುರಸ್ತಿಗೆ ಹಣ ಮಂಜೂರಾಗಿದೆ. ಬೇಸಿಗೆ ರಜೆಯಲ್ಲೇ ಕೆಲಸ ಮುಗಿಯಬೇಕು, ಜೂನ್ ಮಳೆ ಯಾರಿಗೂ ಕಾಯುವುದಿಲ್ಲ. ಇಷ್ಟು ಚಿಕ್ಕ ಅವಧಿಯಲ್ಲಿ ಯಾರೋ ಒಬ್ಬರು ತಕರಾರು ತೆಗೆದರೂ ಮಕ್ಕಳು ಆ ವರ್ಷ ತೆರೆದ ಮಾಡಿನ ಕೆಳಗೇ ಕೂರಬೇಕಾಗುತ್ತದೆ.

ಅದನ್ನು ತಪ್ಪಿಸಲು ಒಂದು ಹಾಳೆ ಸಾಕು. ಅದರಲ್ಲಿ ನಾಲ್ಕು ಮನೆ ಮಾಡಿ. ಕೆಳಗಿನಿಂದ ಮೇಲಕ್ಕೆ ಅಧಿಕಾರ, ಎಡದಿಂದ ಬಲಕ್ಕೆ ಆಸಕ್ತಿ. ಎರಡೂ ಹೆಚ್ಚಿದ್ದವರು ಬಲ ಮೇಲಿನ ಮನೆಗೆ ಬರುತ್ತಾರೆ. ಪ್ರತಿ ತೀರ್ಮಾನದಲ್ಲೂ ಅವರು ಜೊತೆಗಿರಬೇಕು. ಅಧಿಕಾರವಿದ್ದೂ ಆಸಕ್ತಿ ಕಡಿಮೆಯಿದ್ದವರಿಗೆ ಅಸಮಾಧಾನ ಆಗದಂತೆ ನೋಡಿಕೊಂಡರಾಯಿತು. ಆಸಕ್ತಿಯಿದ್ದೂ ಅಧಿಕಾರವಿಲ್ಲದವರಿಗೆ ಸುದ್ದಿ ಮುಟ್ಟುತ್ತಿರಬೇಕು. ಎರಡೂ ಇಲ್ಲದವರ ಮೇಲೆ ಒಂದು ಕಣ್ಣಿಟ್ಟರೆ ಸಾಕು.

ಅಧಿಕಾರವೆಂದರೆ ಹುದ್ದೆಯಲ್ಲ. ಕೇಳಬೇಕಾದ ಪ್ರಶ್ನೆ ಇದು: ಈ ವ್ಯಕ್ತಿ ಮನಸ್ಸು ಮಾಡಿದರೆ ಕೆಲಸ ನಿಲ್ಲುತ್ತದೆಯೇ, ಅಥವಾ ನಕ್ಷೆ ಬದಲಾಗುತ್ತದೆಯೇ? ಆಸಕ್ತಿಗೂ ಅಂಥದ್ದೇ ಪ್ರಶ್ನೆ: ಈ ಕೆಲಸದಿಂದ ಇವರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ? ವಿರೋಧಿಸುವವನ ಆಸಕ್ತಿಯೂ ಆಸಕ್ತಿಯೇ. ಹಾಗೆಯೇ, ‘ಇಲಾಖೆ’, ‘ಊರವರು’ ಎಂದು ಬರೆಯಬೇಡಿ, ಮನುಷ್ಯರ ಹೆಸರು ಬರೆಯಿರಿ. ಇಲಾಖೆಯ ಮನೆಗೆ ಹೋಗಿ ಮಾತಾಡಲು ಬರುವುದಿಲ್ಲ.

ನಮ್ಮ ಶಾಲೆಯ ಹಾಳೆ ಮೊದಲ ದಿನ ಹೀಗಿರುತ್ತದೆ. ಬಲ ಮೇಲಿನ ಮನೆಯಲ್ಲಿ ಮುಖ್ಯ ಶಿಕ್ಷಕರು, ಎಸ್ಟಿಮೇಟ್ ಮಾಡುವ ಜೂನಿಯರ್ ಇಂಜಿನಿಯರ್, ಎಸ್‌ಡಿಎಂಸಿ ಅಧ್ಯಕ್ಷರು. ಎಡ ಮೇಲೆ ಬಿಇಒ ಮತ್ತು ಶಾಸಕರು. ಬಲ ಕೆಳಗೆ ಮಕ್ಕಳು, ತಂದೆತಾಯಿ, ಬಿಸಿಯೂಟದ ಅಡುಗೆಯವರು. ಎಡ ಕೆಳಗಿನ ಮನೆಯಲ್ಲಿ, ಹಿಂದೊಮ್ಮೆ ಶಾಲೆಗೆ ಜಾಗ ಬಿಟ್ಟುಕೊಟ್ಟವರ ಮೊಮ್ಮಕ್ಕಳು. ಅವರು ಬೆಂಗಳೂರಿನಲ್ಲಿದ್ದಾರೆ, ಊರಿಗೆ ಬರುವುದೇ ಹಬ್ಬಕ್ಕೆ.

ಎಡವುವುದು ಈ ಕೊನೆಯ ಮನೆಯಲ್ಲೇ. ಎಷ್ಟೋ ಹಳೆಯ ಶಾಲೆಗಳ ಜಾಗ ಬಾಯಿಮಾತಿನಲ್ಲಿ ದಾನವಾದದ್ದು, ಪಹಣಿಯಲ್ಲಿ ಇನ್ನೂ ದಾನಿಯ ಹೆಸರೇ ಇರುತ್ತದೆ. ಹಳೆ ಮಾಡು ಸೋರುತ್ತಿರುವಷ್ಟು ಕಾಲ ಮೊಮ್ಮಕ್ಕಳಿಗೆ ಅದು ಬೇಡದ ಸಂಗತಿ. ಹೊಸ ಗೋಡೆಗೆ ಪಾಯ ತೋಡಿದ ದಿನ, ಅಥವಾ ‘ದಾನಿಗಳ ಹೆಸರಿನ ಹಳೆ ಕಲ್ಲು ಕಿತ್ತರಂತೆ’ ಎಂಬ ಸುದ್ದಿ ಮುಟ್ಟಿದ ದಿನ, ಅವರ ಆಸಕ್ತಿ ಒಮ್ಮೆಗೇ ಏರುತ್ತದೆ. ಅಧಿಕಾರವಂತೂ ಮೊದಲಿನಿಂದಲೂ ಅವರ ಕೈಲಿತ್ತು, ಬಳಸಿರಲಿಲ್ಲ ಅಷ್ಟೆ. ನ್ಯಾಯಾಲಯದಿಂದ ತಡೆಯಾಜ್ಞೆ ತಂದರೆ ರಜೆ ಪೂರ್ತಿ ಕೈಬಿಟ್ಟಂತೆ. ಆದ್ದರಿಂದ ಹಾಳೆ ಬರೆಯುವ ಮೊದಲು ಪಹಣಿ ತೆಗೆಸಿ ನೋಡಬೇಕು. ಹೆಸರು ದಾನಿಯದ್ದೇ ಇದ್ದರೆ ಆ ಕುಟುಂಬವನ್ನು ನೇರವಾಗಿ ಎಡ ಮೇಲಿನ ಮನೆಗೆ ಏರಿಸಿ, ಎಸ್ಟಿಮೇಟಿಗೂ ಮೊದಲೇ ಊರ ಹಿರಿಯರೊಬ್ಬರ ಕೈಲಿ ಮಾತಾಡಿಸಬೇಕು. ದಾನಪತ್ರ ನೋಂದಣಿಯಾದರೆ ಇನ್ನೂ ಒಳ್ಳೆಯದು.

ಅಡುಗೆಯವರದು ಬೇರೆ ಕಥೆ. ಸುದ್ದಿ ಮುಟ್ಟಿಸಿದರೆ ಸಾಕಾದವರ ಸಾಲಿನಲ್ಲಿ ಅವರಿದ್ದಾರೆ. ಆದರೆ ಜಗಲಿಯ ನೀರು ಯಾವ ಕಡೆ ಹರಿಯುತ್ತದೆ, ಯಾವ ಗೋಡೆ ಮೊದಲು ಒದ್ದೆಯಾಗುತ್ತದೆ ಎಂಬುದು ದಿನವೂ ಅಲ್ಲೇ ಪಾತ್ರೆ ತೊಳೆಯುವವರಿಗೆ ಇಂಜಿನಿಯರಿಗಿಂತ ಚೆನ್ನಾಗಿ ಗೊತ್ತು. ಇನ್ನು ಕೆಲಸ ಎಳೆದು ಶಾಲೆ ತೆರೆದ ಮೇಲೂ ಜಲ್ಲಿಯ ರಾಶಿ ಅಡುಗೆಮನೆ ಬಾಗಿಲಿಗೆ ಅಡ್ಡ ಬಿದ್ದಿದ್ದರೆ, ಊಟ ಒಂದು ಹೊತ್ತು ನಿಂತರೂ ಬಿಇಒ ಕಚೇರಿಯಿಂದ ಫೋನು ಬರುತ್ತದೆ. ಮೇ ತಿಂಗಳಲ್ಲಿ ಅಧಿಕಾರವೇ ಇಲ್ಲದವರು ಜೂನ್‌ನಲ್ಲಿ ಕೆಲಸ ನಿಲ್ಲಿಸಬಲ್ಲರು. ಎಸ್ಟಿಮೇಟಿಗಾಗಿ ಇಂಜಿನಿಯರ್ ಅಳತೆ ತೆಗೆಯಲು ಬಂದ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಕಟ್ಟಡ ಸುತ್ತಿದರೆ ಎರಡೂ ಸಮಸ್ಯೆಗೆ ಪರಿಹಾರ ಅಲ್ಲೇ ಸಿಗುತ್ತದೆ.

ಈ ಚೌಕದ ಮೂಲವೆಂದು ಹೇಳುವುದು ಆಬ್ರೆ ಮೆಂಡೆಲೋ ಎಂಬ ವಿದ್ವಾಂಸರ 1981ರ ಪ್ರಬಂಧವನ್ನು. ಅದರಲ್ಲಿ ಅಧಿಕಾರದ ಜೊತೆ ಅವರು ಇಟ್ಟದ್ದು ಆಸಕ್ತಿಯನ್ನಲ್ಲ, ಚಲನಶೀಲತೆಯನ್ನು, ಅಂದರೆ ಸ್ಥಿತಿ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು. ಆಸಕ್ತಿಯ ಚೌಕ ಬಳಕೆಗೆ ಬಂದದ್ದು ಆಮೇಲೆ. ಅದು ಬರೆಯಲು ಸುಲಭ, ನಿಜ. ಆದರೆ ಕಳೆದುಕೊಂಡದ್ದೂ ದೊಡ್ಡದೇ, ಏಕೆಂದರೆ ಕಟ್ಟಡದ ಕೆಲಸದಲ್ಲಿ ಅಧಿಕಾರ ಹಂತದಿಂದ ಹಂತಕ್ಕೆ ಕೈ ಬದಲಿಸುತ್ತದೆ. ಹಣ ಬರುವವರೆಗೆ ಶಾಸಕರು, ಮಾಡು ಬಿಚ್ಚಿದ ಮೇಲೆ ಗುತ್ತಿಗೆದಾರ, ಬಿಲ್ಲಿನ ಹೊತ್ತಿಗೆ ಅಳತೆ ಪುಸ್ತಕ ಬರೆಯುವ ಇಂಜಿನಿಯರ್. ಹಾಗಾಗಿ ಎಸ್ಟಿಮೇಟಿಗೆ ಮುನ್ನ, ಮಾಡು ಬಿಚ್ಚುವ ಮುನ್ನ, ಶಾಲೆ ತೆರೆಯುವ ಮುನ್ನ ಹಾಳೆಯನ್ನು ಹೊಸದಾಗಿ ಬರೆಯಬೇಕು. ನಡುವೆ ಇಂಜಿನಿಯರ್ ವರ್ಗವಾದರೆ ಮತ್ತೊಮ್ಮೆ.

ಇದನ್ನು ಬರೆಯುವುದು ಮುಖ್ಯ ಶಿಕ್ಷಕರೊಬ್ಬರ ಕೆಲಸವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ, ಅರ್ಧದಷ್ಟು ಮಹಿಳೆಯರು. ಯಾರ ಮಾತು ಯಾರು ಕೇಳುತ್ತಾರೆಂಬುದು ಅವರಿಗೆ ಗೊತ್ತು. ಪ್ರತಿ ಹೆಸರಿನ ಮುಂದೆ ಯಾರು, ಯಾವ ದಿನ ಹೋಗಿ ಮಾತಾಡುತ್ತಾರೆಂದು ಬರೆದುಕೊಳ್ಳಿ. ಬರೆದ ಹಾಳೆಯನ್ನು ಮಾತ್ರ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ‘ಅಧಿಕಾರ ಕಡಿಮೆ’ ಎಂಬ ಮನೆಯಲ್ಲಿ ತನ್ನ ಹೆಸರು ಕಂಡ ಮನುಷ್ಯ ಸುಮ್ಮನಿರುವುದಿಲ್ಲ.