ಮೇ ತಿಂಗಳ ಮದುವೆಗೆ ಅಕ್ಟೋಬರ್‌ನಿಂದಲೇ ಲೆಕ್ಕ

ದಸರೆಯ ಹೊತ್ತಿಗೆ ನಿಶ್ಚಿತಾರ್ಥ ಮುಗಿಸಿ, ಮೇ ತಿಂಗಳ ಎರಡನೇ ಭಾನುವಾರಕ್ಕೆ ಮುಹೂರ್ತ ಇಟ್ಟುಕೊಂಡ ತುಮಕೂರಿನ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಹೆಣ್ಣಿನ ಮನೆಯವರು. ಕೈಯಲ್ಲಿ ಏಳು ತಿಂಗಳಿದೆ, ಬೇಕಾದಷ್ಟಾಯಿತು ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಈ ಏಳು ತಿಂಗಳು ಪೂರ್ತಿ ಅವರದಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಎಷ್ಟೋ ಮನೆಗಳಲ್ಲಿ ಆಗ ಜವಳಿ ತೆಗೆಯುವುದಿಲ್ಲ. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಜೊತೆಗೆ ಯುಗಾದಿಯ ಓಡಾಟ. ಹಾಗಾಗಿ ಮದುವೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಮಾತ್ರ ಯಾವ ಕೆಲಸ ಯಾವ ವಾರಕ್ಕೆ ಬೀಳುತ್ತದೆ ಎಂಬುದು ಕಾಣುತ್ತದೆ.

ಮೊದಲು ಕಲ್ಯಾಣ ಮಂಟಪ. ಪರೀಕ್ಷೆ ಮುಗಿದು ಶಾಲೆಗೆ ರಜೆ ಇರುವ ವೈಶಾಖದ ಮುಹೂರ್ತಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಅಧಿಕ ಮಾಸ ಬಂದ ವರ್ಷವಂತೂ ನೂಕುನುಗ್ಗಲು ಇನ್ನೂ ಹೆಚ್ಚು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ; ಅದನ್ನು ಬಿಡುವವರಿಗೆ ಬೇಸಿಗೆ ರಜೆಯ ಕೊನೆಯ ದಿನಗಳೇ ಇಲ್ಲವಾಗುತ್ತವೆ. ಆದ್ದರಿಂದ ಪುರೋಹಿತರ ಹತ್ತಿರ ಒಂದೇ ಮುಹೂರ್ತ ಬರೆಸಿಕೊಂಡು ಮಂಟಪ ಹುಡುಕಲು ಹೊರಡಬೇಡಿ. ಮೂರು ಮುಹೂರ್ತ ಕೇಳಿ, ಅದೇ ದಿನ ಮಂಟಪಗಳಿಗೆ ಫೋನ್ ಮಾಡಿ, ಸಿಕ್ಕಿದ್ದನ್ನು ಹಿಡಿದು ಆಮೇಲೆ ಲಗ್ನ ಗಟ್ಟಿ ಮಾಡಿ. ಆ ದಿನಕ್ಕೆ ಪುರೋಹಿತರನ್ನೂ ಆಗಲೇ ಒಪ್ಪಿಸಿಕೊಳ್ಳಬೇಕು. ಒಳ್ಳೆಯ ಮುಹೂರ್ತದ ದಿನ ಅವರಿಗೂ ಎರಡು ಮೂರು ಕಡೆಯಿಂದ ಕರೆ ಇರುತ್ತದೆ.

ಮುಂಗಡ ಕೊಟ್ಟಾಗ ರಸೀದಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. ಹಿಂದಿನ ದಿನ ಸಂಜೆ ಆರತಕ್ಷತೆ ಇದ್ದರೆ ಹೂವಿನ ಅಲಂಕಾರದವರು ಮಧ್ಯಾಹ್ನವೇ ಒಳಗೆ ಬರಬೇಕು, ಅಡುಗೆಯವರು ಇನ್ನೂ ಮುಂಚೆ. ಮಂಟಪ ಕೈಗೆ ಸಿಗುವುದೇ ಸಂಜೆ ನಾಲ್ಕಕ್ಕೆ ಎಂದಾದರೆ ಆ ಆರತಕ್ಷತೆ ಹೊತ್ತಿಗೆ ಸರಿಯಾಗಿ ಶುರುವಾಗುವುದಿಲ್ಲ. ವಿದ್ಯುತ್ತು, ಜನರೇಟರಿನ ಡೀಸೆಲ್, ಕಸ ವಿಲೇವಾರಿ ಬಾಡಿಗೆಯಲ್ಲೇ ಸೇರಿವೆಯೋ ಬೇರೆಯೋ ಎಂದು ಅಕ್ಟೋಬರ್‌ನಲ್ಲೇ ಕೇಳುವುದು ಒಳ್ಳೆಯದು.

ಲಗ್ನಪತ್ರಿಕೆಯ ತಾರೀಖನ್ನು ಹೆಚ್ಚಿನವರು ಅಂದಾಜಿನಲ್ಲಿ ಗೊತ್ತು ಮಾಡುತ್ತಾರೆ. ಅದನ್ನು ಲೆಕ್ಕ ಹಾಕಿಯೇ ಹೇಳಬಹುದು. ನಮ್ಮ ಕುಟುಂಬಕ್ಕೆ ಕರೆಯಬೇಕಾದವು 300 ಮನೆಗಳು ಎನ್ನೋಣ. ಅಂಚೆಯಲ್ಲೋ ವಾಟ್ಸಾಪಿನಲ್ಲೋ ಕಳಿಸಿದರೆ ಬೇಸರ ಮಾಡಿಕೊಳ್ಳದವರು 200. ಉಳಿದ 100 ಮನೆಗಳಿಗೆ ದಂಪತಿ ಸಮೇತ ಹೋಗಿ, ಕುಂಕುಮ ಅಕ್ಷತೆ ಕೊಟ್ಟೇ ಕರೆಯಬೇಕು. ಸೋದರಮಾವ, ದೊಡ್ಡಪ್ಪ, ಬೀಗರ ಬಳಗ ಎಲ್ಲರೂ ಇದರಲ್ಲೇ. ಹೋದ ಮನೆಯಲ್ಲಿ ಕಾಫಿ ಕುಡಿಯದೆ ಏಳುವಂತಿಲ್ಲ. ಒಂದು ಭಾನುವಾರಕ್ಕೆ 15 ಮನೆ ಮುಗಿದರೆ ಹೆಚ್ಚು. ಅಲ್ಲಿಗೆ ಏಳು ಭಾನುವಾರ ಬೇಕು. ಮದುವೆಗೆ ಮುಂಚಿನ ಭಾನುವಾರ ದೇವರ ಕಾರ್ಯ, ಚಪ್ಪರದ ಕೆಲಸಕ್ಕೆ ಹೋಗುತ್ತದೆ, ಅದನ್ನು ಬಿಡಿ. ಹಿಂದಕ್ಕೆ ಎಣಿಸಿದರೆ ಕರೆಯುವುದು ಶುರುವಾಗಬೇಕಾದದ್ದು ಮಾರ್ಚ್ ಎರಡನೇ ವಾರ. ಅಷ್ಟರೊಳಗೆ ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಟ್ಟು ಬಂದಿರಬೇಕು. ಅಚ್ಚಿಗೆ ಎರಡು ವಾರ ಕೊಟ್ಟರೆ ಒಕ್ಕಣೆ ಫೆಬ್ರವರಿ 20ಕ್ಕೆ ಪ್ರೆಸ್ಸಿಗೆ ಹೋಗಬೇಕು. ಅದಕ್ಕೂ ಮುಂಚೆ ಎರಡೂ ಮನೆಯವರು ಓದಿ ಒಪ್ಪಲು ಹತ್ತು ದಿನ. ಅಂದರೆ ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಒಕ್ಕಣೆ ಬರೆಯಲು ಕೂರಬೇಕು.

ಆ ಹತ್ತು ದಿನವನ್ನು ಯಾರೂ ಕಡಿಮೆ ಮಾಡಬಾರದು. ತೀರಿಕೊಂಡ ತಾತನ ಹೆಸರು ಎಲ್ಲಿ ಬರಬೇಕು, ಚಿಕ್ಕಪ್ಪಂದಿರಲ್ಲಿ ಯಾರು ಮೊದಲು, ಸುಖಾಗಮನ ಬಯಸುವವರಲ್ಲಿ ಯಾರನ್ನು ಬಿಟ್ಟರೆ ಮನಸ್ತಾಪ ಎಂಬುದೆಲ್ಲ ಹಿರಿಯರಿಗೇ ಗೊತ್ತು. ಅವರು ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಓದಬೇಕು. ಫೋನಿನ ಪರದೆಯಲ್ಲಿ ತೋರಿಸಿ ಹೂಂ ಅನ್ನಿಸಿಕೊಂಡರೆ ಸಾಲದು. ತಾರೀಖಿಗೂ ವಾರಕ್ಕೂ ತಾಳೆ ನೋಡುವುದು ಬೇರೆಯೇ ಕೆಲಸ. ಅದನ್ನು ಒಕ್ಕಣೆ ಬರೆಯದ ಒಬ್ಬರಿಗೆ ವಹಿಸಿ, ಬರೆದವರ ಕಣ್ಣಿಗೆ ಆ ತಪ್ಪು ಬೀಳುವುದಿಲ್ಲ. ವಧೂವರರ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಮದುವೆಯ ನೋಂದಣಿಗೆ ಹೋದಾಗ ಪತ್ರಿಕೆಯನ್ನೂ ದಾಖಲೆಯಾಗಿ ಕೇಳುತ್ತಾರೆ.

ಇನ್ನು ರವಿಕೆ. ಎಲ್ಲಕ್ಕಿಂತ ಸಣ್ಣ ಬಟ್ಟೆ, ಆದರೆ ಕೊನೆಯ ವಾರದಲ್ಲಿ ಮನೆಯವರನ್ನು ಅಳಿಸುವುದು ಹೆಚ್ಚಾಗಿ ಅದೇ. ಧಾರೆ ಸೀರೆಯ ರವಿಕೆಗೆ ಆರಿ ವರ್ಕ್ ಮಾಡಿಸುವುದಾದರೆ ಕೆಲಸದ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ಅಳತೆ ತೆಗೆದು, ಹೊಲಿಯದ ಬಟ್ಟೆಯ ಮೇಲೆ ಕತ್ತು ಮತ್ತು ತೋಳಿನ ಗುರುತು ಹಾಕುತ್ತಾರೆ. ಆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಗುರುತಿನ ಉದ್ದಕ್ಕೂ ಜರಿ, ಮಣಿ ಕೂರಿಸುತ್ತಾರೆ. ಕತ್ತರಿಸಿ ಹೊಲಿಯುವುದು ಎಲ್ಲ ಮುಗಿದ ಮೇಲೆ. ಹೀಗಾಗಿ ಕಸೂತಿ ಶುರುವಾಯಿತೆಂದರೆ ಕತ್ತಿನ ಆಳ ಖಾಯಂ. "ಅಕ್ಕಾ, ಇನ್ನು ಒಂದಿಂಚು ಇಳಿಸೋಕಾಗಲ್ಲ, ವರ್ಕೇ ಹೋಗ್ಬಿಡತ್ತೆ" ಎಂದು ದರ್ಜಿ ಹೇಳಿದರೆ ಅದು ನೆಪವಲ್ಲ. ಹಿಗ್ಗಿಸಲು ಕುಗ್ಗಿಸಲು ಉಳಿಯುವುದು ಎರಡು ಪಕ್ಕದ ಹೊಲಿಗೆ ಮಾತ್ರ. ಏಪ್ರಿಲ್‌ ಹೊತ್ತಿಗೆ ಮದುಮಗಳು ಓಡಾಟದಲ್ಲಿ ಇಳಿದುಹೋಗಬಹುದು, ನಂಟರ ಮನೆಯ ಊಟದಲ್ಲಿ ತುಂಬಿಕೊಳ್ಳಲೂಬಹುದು. ಒಳಗೆ ಪ್ರತಿ ಪಕ್ಕಕ್ಕೂ ಒಂದೂವರೆ ಇಂಚು ಬಟ್ಟೆ ಬಿಡಿ ಎಂದು ಬಾಯಿಬಿಟ್ಟು ಹೇಳಬೇಕು.

ಇದಕ್ಕಿರುವ ಉಪಾಯ ಸರಳ. ಆರಿ ಕೆಲಸಕ್ಕೆ ಕೊಡುವ ಮುಂಚೆ ಅದೇ ಅಳತೆಯಲ್ಲಿ ಸಾದಾ ಹತ್ತಿಯ ಒಂದು ರವಿಕೆ ಹೊಲಿಸಿ ಹಾಕಿಸಿ ನೋಡಿ. ಮದುವೆಯ ದಿನ ಒಳಗೆ ಏನು ತೊಡುತ್ತಾಳೋ ಅದರ ಮೇಲೆಯೇ ಹಾಕಬೇಕು. ಎರಡೂ ಕೈ ಮೇಲೆತ್ತಿ ಹಾರ ಹಾಕುವ ಹಾಗೆ ಮಾಡಲಿ, ನೆಲದ ಮೇಲೆ ಕೂತು ಬಗ್ಗಲಿ. ಕಂಕುಳಲ್ಲಿ ಹಿಡಿದರೆ, ಬೆನ್ನು ಜಾರಿದರೆ ಆಗಲೇ ತಿದ್ದಬಹುದು. ಧಾರೆ ಸೀರೆ ಸಂಕ್ರಾಂತಿಯ ಮರುವಾರ ಮನೆಗೆ ಬಂದರೆ ಫೆಬ್ರವರಿ ಮೊದಲ ವಾರ ಈ ಪರೀಕ್ಷೆ ಮುಗಿಯುತ್ತದೆ. ಮದುವೆ ಕಾಲದಲ್ಲಿ ಆರಿಗೆ ಆರು ವಾರ ಇಟ್ಟುಕೊಳ್ಳಿ. ಅಷ್ಟು ಹೊತ್ತಿನಲ್ಲಿ ಸೀರೆಗೆ ಫಾಲ್ಸ್, ಕುಚ್ಚು ಆಗಲಿ. ಅದಕ್ಕೂ ಮುಂಚೆ ಸೀರೆಯಿಂದ ರವಿಕೆ ಬಟ್ಟೆ ಬೇರೆಯಾಗಿರಬೇಕು. ಮೊದಲ ಟ್ರಯಲ್ ಏಪ್ರಿಲ್ ಮೊದಲ ವಾರ, ಎರಡನೆಯದು ಮದುವೆಗೆ ಹತ್ತು ದಿನ ಮುಂಚೆ. ಗಂಡಿನ ಆರತಕ್ಷತೆಯ ಸೂಟಿಗೂ ಇದೇ ಎರಡು ತಾರೀಖು ಸಾಕು.

ಇವನ್ನೆಲ್ಲ ಫೋನಿನ ಕ್ಯಾಲೆಂಡರಿನಲ್ಲಿ ಹಾಕುವವರು ಗಡುವಿನ ದಿನಕ್ಕೇ ಗಂಟೆ ಹೊಡೆಯುವಂತೆ ಇಡುತ್ತಾರೆ. ಪತ್ರಿಕೆ ಬರಬೇಕಾದ ದಿನ "ಪತ್ರಿಕೆ" ಎಂದು ನೆನಪಾದರೆ ಯಾರಿಗೇನು ಪ್ರಯೋಜನ? ನೆನಪು ಬೇಕಾದದ್ದು ಒಕ್ಕಣೆ ಕೊಡುವ ದಿನ, ಪ್ರೂಫ್ ನೋಡುವ ದಿನ. ಅದೂ ಒಬ್ಬರ ಹೆಸರಿನಲ್ಲಿರಬೇಕು. ಎಲ್ಲವೂ ತಾಯಿಯ ಫೋನಿಗೇ ಬಂದರೆ ಆಕೆಯೊಬ್ಬಳೇ ಏಳು ತಿಂಗಳು ಓಡಬೇಕಾಗುತ್ತದೆ, ನಾನಿದನ್ನು ಒಪ್ಪುವುದಿಲ್ಲ. ದರ್ಜಿಯದು ಅಕ್ಕನಿಗೆ, ಪ್ರೆಸ್ಸಿನದು ತಮ್ಮನಿಗೆ, ಮಂಟಪದ ಬಾಕಿ ಹಣದ್ದು ತಂದೆಗೆ ಹಂಚಿ.

ಅಡುಗೆಯ ಲೆಕ್ಕ ಮಾತ್ರ ಕೊನೆಯವರೆಗೂ ತೆರೆದಿರುತ್ತದೆ. ಅಡುಗೆ ಕಂಟ್ರಾಕ್ಟರು ಎಲೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವುದಾದರೆ ಇಷ್ಟು ಎಲೆ ಖಂಡಿತ ಎಂದು ಮೊದಲೇ ಒಂದು ಸಂಖ್ಯೆ ಹೇಳಬೇಕು. ಅದಕ್ಕಿಂತ ಕಡಿಮೆಯಾದರೂ ಅಷ್ಟಕ್ಕೆ ಕೊಡಬೇಕಾಗುತ್ತದೆ, ಹೆಚ್ಚಾದರೆ ಎಣಿಸಿ ಸೇರಿಸುತ್ತಾರೆ. ಈ ಸಂಖ್ಯೆ ಹೇಳಲು ಮದುವೆಗೆ ಹತ್ತು ದಿನ ಮುಂಚಿನ ತಾರೀಖು ಸರಿ, ಏಕೆಂದರೆ ಆ ಹೊತ್ತಿಗೆ ಕರೆದು ಬಂದ ಮನೆಗಳ ಪಟ್ಟಿ ಪೂರ್ತಿಯಾಗಿರುತ್ತದೆ. ಯಾವ ಮನೆಯಿಂದ ಎಷ್ಟು ಜನ ಬರುತ್ತಾರೆ, ಆರತಕ್ಷತೆಗೋ ಧಾರೆಗೋ ಎಂದು ಕರೆದ ದಿನವೇ ಹೆಸರಿನ ಮುಂದೆ ಗುರುತು ಹಾಕಿಕೊಂಡಿದ್ದರೆ ಹಿಂದಿನ ಸಂಜೆಗೆ ಒಂದು, ಮರುದಿನದ ಊಟಕ್ಕೆ ಒಂದು ಎಂದು ಎರಡು ಸಂಖ್ಯೆ ಕೊಡಬಹುದು. ಊಟ ಬಡಿಸುವಾಗ ಪ್ರತಿ ಪಂಕ್ತಿಗೂ ಎಲೆ ಎಣಿಸಲು ಮನೆಯ ಕಡೆಯ ಒಬ್ಬ ಹುಡುಗನನ್ನು ನಿಲ್ಲಿಸಿ, ಅವನ ಹೆಸರನ್ನೂ ಈಗಲೇ ಬರೆದಿಡಿ.