ಕೊನೆಯ ನಾಲ್ಕು ಅಂಕಿ ಯಾಕೆ ನಿಧಾನ?

ಸಂದರ್ಶನದಲ್ಲಿ ಎಚ್‌ಆರ್ ಮೇಡಂ ಕೇಳುತ್ತಾರೆ: "ಇಂಡೆಕ್ಸ್ ಅಂದ್ರೇನು, ನನಗೆ ತಿಳಿಯೋ ಹಾಗೆ ಹೇಳಿ." ಹುಡುಗ ತಟ್ಟನೆ "ಪುಸ್ತಕದ ಕೊನೇಲಿ ಪದಸೂಚಿ ಇರುತ್ತಲ್ಲ, ಹಾಗೆ ಮೇಡಂ" ಎನ್ನುತ್ತಾನೆ. ತಪ್ಪೇನಿಲ್ಲ. ಆದರೆ "ಹಾಗಾದ್ರೆ ಎಲ್ಲಾದಕ್ಕೂ ಇಂಡೆಕ್ಸ್ ಹಾಕಿಬಿಡಬಹುದಲ್ಲ?" ಎಂಬ ಮುಂದಿನ ಪ್ರಶ್ನೆಗೆ ಅವನು ತಡವರಿಸುತ್ತಾನೆ.

ನಾನಾಗಿದ್ದರೆ ಒಂದು ಫೋನ್ ಕರೆಯಿಂದ ಶುರು ಮಾಡುತ್ತಿದ್ದೆ. ಒಂದು ಕಂಪನಿಯ ಗ್ರಾಹಕರ ಪಟ್ಟಿಯಲ್ಲಿ 10 ಲಕ್ಷ ಸಾಲುಗಳಿವೆ ಎನ್ನಿ. ಬಂದವರನ್ನು ಬಂದ ಹಾಗೇ ಬರೆದುಕೊಂಡ ಪಟ್ಟಿ ಅದು. ಕರೆ ಮಾಡಿದವರು ಮೊಬೈಲ್ ನಂಬರ್ ಹೇಳಿದರೆ ಕಂಪ್ಯೂಟರ್ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ನೋಡಬೇಕು. ಇಂಡೆಕ್ಸ್ ಎಂದರೆ ಬೇರೆಯೇ ಒಂದು ಚಿಕ್ಕ ಪಟ್ಟಿ: ನಂಬರುಗಳೆಲ್ಲ ಕ್ರಮವಾಗಿ, ಪ್ರತಿಯೊಂದರ ಪಕ್ಕದಲ್ಲಿ ಅದು ಎಷ್ಟನೇ ಸಾಲು ಎಂಬ ಗುರುತು. ನಡುವೆ ತೆರೆದು ನೋಡಿ, ಬೇಡದ ಅರ್ಧವನ್ನು ಬಿಡಿ. ಉಳಿದದ್ದರಲ್ಲಿ ಮತ್ತೆ ಅರ್ಧ ಬಿಡಿ. ಹೀಗೆ 20 ಸಲ ಮಾಡಿದರೆ 10 ಲಕ್ಷದಲ್ಲಿ ಬೇಕಾದ ಒಂದು ಸಿಕ್ಕಿಬಿಡುತ್ತದೆ.

ಒಂದು ದಿನ ಮ್ಯಾನೇಜರ್ ಬಂದು, "ಇಂಡೆಕ್ಸ್ ಹಾಕಿದ್ದೀವಿ ಅಂದ್ರಿ, ಮತ್ತೆ ನಿಧಾನ ಯಾಕೆ?" ಎಂದು ಕೇಳುತ್ತಾರೆ. ವಿಚಾರಿಸಿದರೆ, ಕೌಂಟರಿನವರು ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಹಾಕಿ ಹುಡುಕುತ್ತಿದ್ದಾರೆ. ಇಲ್ಲಿ ಕನ್ನಡ ನಿಘಂಟು ನೆರವಿಗೆ ಬರುತ್ತದೆ. "ಸಾಲ" ಎಂದು ಶುರುವಾಗುವ ಪದಗಳನ್ನು ಹುಡುಕಿ ಎಂದರೆ ಯಾರಾದರೂ ನೇರ ಆ ಪುಟಕ್ಕೇ ಹೋಗುತ್ತಾರೆ. "ಗಾರ" ಎಂದು ಮುಗಿಯುವವನ್ನು ಹುಡುಕಿ ಎಂದರೆ? ಸಾಲಗಾರ, ಹಾಡುಗಾರ, ಮೋಸಗಾರ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿರುತ್ತಾರೆ. ಇಡೀ ನಿಘಂಟು ತಿರುವಿಹಾಕದೆ ಗತಿಯಿಲ್ಲ. ಇಂಡೆಕ್ಸ್ ಜೋಡಿಸಿರುವುದು ಮೊದಲ ಅಂಕಿಯಿಂದ. ಕೊನೆಯದು ಕೇಳಿದರೆ ಅದು ಇದ್ದೂ ಇಲ್ಲದಂತೆ. ಪೋಸ್ಟ್‌ಗ್ರೆಸ್‌ನಲ್ಲಾದರೆ ಹುಡುಕುವ ಆದೇಶದ ಮುಂದೆ `EXPLAIN` ಸೇರಿಸಿ ನೋಡಬಹುದು: `Seq Scan` ಎಂದು ಬಂದರೆ ಅದು ಪಟ್ಟಿಯನ್ನು ಸಾಲುಸಾಲಾಗಿ ಓದಲು ಹೊರಟಿದೆ ಎಂದರ್ಥ.

ಇದಕ್ಕೆ ಪರಿಹಾರ, ಕೊನೆಯ ನಾಲ್ಕು ಅಂಕಿಗಳದ್ದೇ ಇನ್ನೊಂದು ಇಂಡೆಕ್ಸ್:

```
CREATE INDEX ON grahakaru (right(mobile, 4));
```

ಹುಡುಕುವಾಗಲೂ `right(mobile, 4) = '4321'` ಎಂದೇ ಕೇಳಬೇಕು. ಹಳೆಯ ರೀತಿಯಲ್ಲೇ ಕೇಳಿದರೆ ಹೊಸ ಇಂಡೆಕ್ಸ್ ಕೂಡ ಸುಮ್ಮನೆ ಕೂತಿರುತ್ತದೆ.

ಇನ್ನು ಮೇಡಂ ಪ್ರಶ್ನೆ. ಹೊಸ ಗ್ರಾಹಕರೊಬ್ಬರು ಸೇರಿದರೆ ಪಟ್ಟಿಯ ಜೊತೆಗೆ ಪ್ರತಿ ಇಂಡೆಕ್ಸಿನಲ್ಲೂ ಸರಿಯಾದ ಜಾಗ ಹುಡುಕಿ ಬರೆಯಬೇಕು. ಎಂಟು ಇಂಡೆಕ್ಸ್ ಇದ್ದರೆ ಒಂದು ಹೆಸರಿಗೆ ಒಂಬತ್ತು ಕಡೆ ಬರಹ. ಹಗಲಿಡೀ ಹೊಸ ಸಾಲು ಸೇರುತ್ತಲೇ ಇರುವ, ತಿಂಗಳಿಗೊಮ್ಮೆ ಮಾತ್ರ ತೆರೆದು ನೋಡುವ ಪಟ್ಟಿಗೆ ಅಷ್ಟು ಖರ್ಚು ಯಾಕೆ? ಆ ಒಂದು ದಿನ ವರದಿ ಹತ್ತು ನಿಮಿಷ ತಡವಾಗಿ ಬಂದರೂ ನಡೆಯುತ್ತದೆ.