ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಿದ್ರೆ ಮಾತ್ರೆಗಳ ಸಾಗಣೆ

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಿದ್ರೆ ಮಾತ್ರೆಗಳ ಸಾಗಣೆ ಎಂದರೆ ವೈದ್ಯರು ಬರೆದುಕೊಟ್ಟ ನಿದ್ರಾಜನಕ ಔಷಧವನ್ನು ಪ್ರಯಾಣಿಕನು ಸ್ವಂತ ಬಳಕೆಗಾಗಿ ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಕೊಂಡೊಯ್ಯುವುದು. ಝೋಲ್ಪಿಡೆಮ್, ಅಲ್ಪ್ರಜೋಲಾಮ್, ನೈಟ್ರಜೆಪಾಮ್, ಡಯಜೆಪಾಮ್ ಮುಂತಾದ ನಿದ್ರೆ ಮಾತ್ರೆಗಳು ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯ ಔಷಧಗಳಲ್ಲ. ಅವು ಮನೋಪರಿಣಾಮಕ ವಸ್ತುಗಳೆಂದು ವರ್ಗೀಕೃತವಾಗಿವೆ. ಆದ್ದರಿಂದ ರಕ್ತದೊತ್ತಡದ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಇಲ್ಲದ ಮಿತಿಗಳು ಮತ್ತು ದಾಖಲೆಗಳ ಷರತ್ತುಗಳು ಇವುಗಳಿಗೆ ಅನ್ವಯಿಸುತ್ತವೆ. ಒಂದು ದೇಶದಲ್ಲಿ ಕ್ರಮಬದ್ಧವಾಗಿ ಖರೀದಿಸಿದ ಮಾತ್ರೆ ಇನ್ನೊಂದು ದೇಶದಲ್ಲಿ ನಿಷಿದ್ಧವಾಗಿರುವ ಸಾಧ್ಯತೆಯೂ ಇದೆ.

ಗಡಿಯಲ್ಲಿ ಮಾತ್ರೆಗಳು ಜಪ್ತಿಯಾದರೆ ಕಾನೂನಿನ ತೊಂದರೆಯ ಜೊತೆಗೆ ಆರೋಗ್ಯದ ತೊಂದರೆಯೂ ಉಂಟಾಗಬಹುದು. ಅಲ್ಪ್ರಜೋಲಾಮ್, ನೈಟ್ರಜೆಪಾಮ್‌ಗಳಂತಹ ಬೆಂಜೊಡಯಜೆಪೀನ್ ವರ್ಗದ ಮಾತ್ರೆಗಳನ್ನು ದೀರ್ಘಕಾಲ ಪ್ರತಿದಿನ ಸೇವಿಸುತ್ತಿದ್ದವರು ಅವನ್ನು ಹಠಾತ್ತಾಗಿ ನಿಲ್ಲಿಸಿದಾಗ ತೀವ್ರ ನಿದ್ರಾಹೀನತೆ, ಕಳವಳ, ನಡುಕ ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಸೆಳವು ಕೂಡ ಬರುವುದುಂಟು.

ಅಂತರರಾಷ್ಟ್ರೀಯ ಒಪ್ಪಂದ

ಈ ಔಷಧಗಳ ನಿಯಂತ್ರಣಕ್ಕೆ ಆಧಾರವಾಗಿರುವುದು ವಿಶ್ವಸಂಸ್ಥೆಯ 1971ರ ಮನೋಪರಿಣಾಮಕ ವಸ್ತುಗಳ ಒಪ್ಪಂದ. ಇದರಲ್ಲಿ ನಾಲ್ಕು ಅನುಸೂಚಿಗಳಿದ್ದು, ಬೆಂಜೊಡಯಜೆಪೀನ್ ವರ್ಗದ ಬಹುತೇಕ ಮಾತ್ರೆಗಳು ಮತ್ತು ಝೋಲ್ಪಿಡೆಮ್ ನಾಲ್ಕನೆಯ ಅನುಸೂಚಿಯಲ್ಲಿವೆ. ಒಪ್ಪಂದದ ನಾಲ್ಕನೆಯ ವಿಧಿಯ ಪ್ರಕಾರ, ಪ್ರಯಾಣಿಕರು ಸ್ವಂತ ಬಳಕೆಗಾಗಿ ಅಲ್ಪ ಪ್ರಮಾಣದ ಔಷಧವನ್ನು ಒಯ್ಯಲು ಸದಸ್ಯ ರಾಷ್ಟ್ರಗಳು ಅವಕಾಶ ನೀಡಬಹುದು. ಆದರೆ ಆ ಔಷಧವನ್ನು ಕಾನೂನುಬದ್ಧವಾಗಿ ಪಡೆಯಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಹಕ್ಕು ಪ್ರತಿ ರಾಷ್ಟ್ರಕ್ಕೂ ಇದೆ.

ಈ ವಿಧಿಯಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಅವಕಾಶ ನೀಡುವುದು ರಾಷ್ಟ್ರಗಳ ವಿವೇಚನೆಗೆ ಬಿಟ್ಟ ವಿಷಯವಾದ್ದರಿಂದ 'ಅಲ್ಪ ಪ್ರಮಾಣ' ಎಂದರೆ ಎಷ್ಟೆಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಎರಡನೆಯದಾಗಿ, ಈ ವಿನಾಯಿತಿ ಪ್ರಯಾಣಿಕನು ತಾನೇ ಸೇವಿಸುವ ಔಷಧಕ್ಕೆ ಮಾತ್ರ ಸೀಮಿತ. ವಿದೇಶದಲ್ಲಿರುವ ಮಗನಿಗಾಗಿ ತಂದೆ ಒಯ್ಯುವ ಮಾತ್ರೆ, ಪರಿಚಿತರು ತಲುಪಿಸಲು ಕೊಟ್ಟ ಪೊಟ್ಟಣ, ಅಂಚೆ ಅಥವಾ ಕೊರಿಯರ್ ಮೂಲಕ ಕಳುಹಿಸಿದ ಔಷಧ ಇವು ಯಾವುವೂ ಇದರ ವ್ಯಾಪ್ತಿಗೆ ಬರುವುದಿಲ್ಲ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿಯು ಪ್ರಯಾಣಿಕರಿಗೆ ಅನ್ವಯಿಸುವ ವಿವಿಧ ದೇಶಗಳ ನಿಯಮಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ.

ಭಾರತದಲ್ಲಿನ ನಿಯಮಗಳು

ಭಾರತದಲ್ಲಿ ಝೋಲ್ಪಿಡೆಮ್, ಅಲ್ಪ್ರಜೋಲಾಮ್, ನೈಟ್ರಜೆಪಾಮ್ ಮುಂತಾದವು 1985ರ ಮಾದಕ ಔಷಧಗಳು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಆ ಕಾಯ್ದೆಯಡಿ ರಚಿತವಾದ ನಿಯಮಗಳ ಪೈಕಿ 66ನೆಯ ನಿಯಮವು ವೈಯಕ್ತಿಕ ವೈದ್ಯಕೀಯ ಬಳಕೆಗಾಗಿ ಒಬ್ಬ ವ್ಯಕ್ತಿ ಒಂದು ಬಾರಿಗೆ 100 ಡೋಸ್‌ಗಳವರೆಗೆ ಇಟ್ಟುಕೊಳ್ಳಲು ಅನುಮತಿಸುತ್ತದೆ. ದೀರ್ಘಕಾಲದ ಬಳಕೆಗಾಗಿ ನೋಂದಾಯಿತ ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟಿದ್ದರೆ 300 ಡೋಸ್‌ಗಳವರೆಗೆ ಹೊಂದಬಹುದು. ಹೀಗಾಗಿ ದಿನಕ್ಕೊಂದು ಮಾತ್ರೆಯಂತೆ ಐದು ತಿಂಗಳಿಗಾಗುವಷ್ಟು, ಅಂದರೆ 150 ಮಾತ್ರೆಗಳನ್ನು, ಸಾಮಾನ್ಯ ಚೀಟಿಯ ಬಲದಿಂದ ಇಟ್ಟುಕೊಂಡವರು ಭಾರತದಿಂದ ಹೊರಡುವ ಮುನ್ನವೇ ಮಿತಿಯನ್ನು ಮೀರಿರುತ್ತಾರೆ.

ಮಾತ್ರೆಯು ಈ ಗುಂಪಿಗೆ ಸೇರಿದೆಯೇ ಎಂಬುದನ್ನು ಸ್ಟ್ರಿಪ್‌ನಿಂದಲೇ ತಿಳಿಯಬಹುದು. ಮನೋಪರಿಣಾಮಕ ಔಷಧದ ಲೇಬಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ 'ಎನ್‌ಆರ್‌ಎಕ್ಸ್' ಎಂಬ ಗುರುತನ್ನು ಮುದ್ರಿಸಬೇಕೆಂದು ಔಷಧ ನಿಯಮಗಳು ವಿಧಿಸುತ್ತವೆ. ಮೇಲೆ ಹೇಳಿದ ಮಾತ್ರೆಗಳು 2014ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯಲ್ಲಿಯೂ ಇವೆ. ಈ ಅನುಸೂಚಿಯ ಔಷಧವನ್ನು ಮಾರುವ ಅಂಗಡಿಯವರು ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕು.

ಲೇಬಲ್ ಮತ್ತು ದಾಖಲೆಗಳು

ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಔಷಧಾಲಯವು ಡಬ್ಬಿ ಅಥವಾ ಪೆಟ್ಟಿಗೆಯ ಮೇಲೆ ರೋಗಿಯ ಹೆಸರು ಮತ್ತು ಸೇವಿಸುವ ವಿಧಾನವಿರುವ ಲೇಬಲ್ಲನ್ನು ಅಂಟಿಸಿ ಕೊಡುತ್ತದೆ. ಅಲ್ಲಿನ ಗಡಿ ಅಧಿಕಾರಿಗಳು ನೋಡಿ ಅಭ್ಯಾಸವಾಗಿರುವುದು ಇಂತಹ ಲೇಬಲ್ಲುಗಳನ್ನು. ಭಾರತದಲ್ಲಿ ಮಾತ್ರೆಗಳು ತಯಾರಕರ ಸ್ಟ್ರಿಪ್‌ನಲ್ಲಿಯೇ ದೊರೆಯುತ್ತವೆ. ಸ್ಟ್ರಿಪ್‌ನ ಮೇಲೆ ಔಷಧದ ಹೆಸರಿರುತ್ತದೆಯೇ ಹೊರತು ರೋಗಿಯ ಹೆಸರಿರುವುದಿಲ್ಲ. ಆದ್ದರಿಂದ ಭಾರತದಿಂದ ಹೊರಡುವವರ ವಿಷಯದಲ್ಲಿ ಔಷಧಕ್ಕೂ ವ್ಯಕ್ತಿಗೂ ಇರುವ ಸಂಬಂಧವನ್ನು ಕಾಗದಪತ್ರಗಳೇ ಸಿದ್ಧಪಡಿಸಬೇಕಾಗುತ್ತದೆ.

ಇದಕ್ಕೆ ಮೂರು ದಾಖಲೆಗಳು ಒಂದಕ್ಕೊಂದು ಹೊಂದಿಕೆಯಾಗಿರಬೇಕು. ಮೊದಲನೆಯದು ವೈದ್ಯರ ಚೀಟಿ. ಎರಡನೆಯದು ರೋಗಿಯ ಹೆಸರು, ಔಷಧದ ಬ್ಯಾಚ್ ಸಂಖ್ಯೆ ಮತ್ತು ಪ್ರಮಾಣವಿರುವ ಅಂಗಡಿಯ ಬಿಲ್ಲು. ಮೂರನೆಯದು ಆಸ್ಪತ್ರೆಯ ಅಥವಾ ವೈದ್ಯರ ಹೆಸರಿನ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದ ಪತ್ರ. ಪತ್ರದಲ್ಲಿ ಕಾಯಿಲೆ, ಔಷಧದ ಮೂಲ ರಾಸಾಯನಿಕ ಹೆಸರು, ಪ್ರತಿ ಮಾತ್ರೆಯಲ್ಲಿನ ಮಿಲಿಗ್ರಾಂ ಪ್ರಮಾಣ, ದಿನದ ಸೇವನೆ, ಒಯ್ಯುತ್ತಿರುವ ಒಟ್ಟು ಮಾತ್ರೆಗಳು, ಪ್ರಯಾಣದ ಅವಧಿ ಹಾಗೂ ವೈದ್ಯರ ನೋಂದಣಿ ಸಂಖ್ಯೆ ಇರುವುದು ವಾಡಿಕೆ. ಭಾರತದ ಬ್ರ್ಯಾಂಡ್ ಹೆಸರುಗಳು ಹೊರದೇಶದ ಅಧಿಕಾರಿಗಳಿಗೆ ಪರಿಚಿತವಲ್ಲದ ಕಾರಣ ಮೂಲ ಹೆಸರನ್ನು ನಮೂದಿಸುವುದು ಅಗತ್ಯ.

ಹೊಂದಿಕೆ ತಪ್ಪುವುದು ಸಾಮಾನ್ಯವಾಗಿ ಸಣ್ಣ ಸಂಗತಿಗಳಲ್ಲಿ. ಚೀಟಿಯಲ್ಲಿ ಇನಿಷಿಯಲ್ ಸಹಿತ ಚಿಕ್ಕ ಹೆಸರಿದ್ದು ಪಾಸ್‌ಪೋರ್ಟಿನಲ್ಲಿ ಊರಿನ ಮತ್ತು ತಂದೆಯ ಹೆಸರು ಸೇರಿದ ಪೂರ್ಣ ಹೆಸರಿದ್ದರೆ ಇಬ್ಬರೂ ಒಬ್ಬರೇ ಎಂದು ಹೊರಗಿನ ಅಧಿಕಾರಿಗೆ ತಿಳಿಯದು. ಸ್ಟ್ರಿಪ್ ಕತ್ತರಿಸಿದಾಗ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವಿರುವ ಭಾಗ ಮನೆಯಲ್ಲಿಯೇ ಉಳಿಯಬಹುದು. ವಾರದ ಮಾತ್ರೆ ಡಬ್ಬಿಗೆ ಸುರಿದುಕೊಂಡ ಮಾತ್ರೆಗಳಿಗೆ ಯಾವ ಗುರುತೂ ಉಳಿಯುವುದಿಲ್ಲ. ಚೆಕ್-ಇನ್ ಸಾಮಾನು ತಡವಾಗಿ ಬರುವ ಸಾಧ್ಯತೆ ಇರುವುದರಿಂದ ಮಾತ್ರೆ ಮತ್ತು ದಾಖಲೆಗಳೆರಡನ್ನೂ ಕೈಚೀಲದಲ್ಲಿ ಒಟ್ಟಿಗೆ ಇರಿಸಲಾಗುತ್ತದೆ.

ಉದಾಹರಣೆ: ಬೆಂಗಳೂರಿನಿಂದ ಟೋಕಿಯೊಗೆ

ಜಪಾನಿನ ನಿಯಮಗಳು ಸ್ಪಷ್ಟ ಸಂಖ್ಯೆಗಳಲ್ಲಿರುವುದರಿಂದ ಲೆಕ್ಕ ಹಾಕುವ ಕ್ರಮವನ್ನು ತಿಳಿಯಲು ಅನುಕೂಲ. ಅಲ್ಲಿ ಎರಡು ಪ್ರತ್ಯೇಕ ಪರೀಕ್ಷೆಗಳಿವೆ. ಮೊದಲನೆಯದು ಔಷಧದ ಒಟ್ಟು ತೂಕ. ಪ್ರತಿಯೊಂದು ಮನೋಪರಿಣಾಮಕ ವಸ್ತುವಿಗೂ ಮಿಲಿಗ್ರಾಂಗಳಲ್ಲಿ ಮಿತಿ ನಿಗದಿಯಾಗಿದ್ದು, ಝೋಲ್ಪಿಡೆಮ್‌ಗೆ ಅದು 300 ಮಿಲಿಗ್ರಾಂ. ಇದನ್ನು ಮೀರಿದರೆ ಚಿಕಿತ್ಸೆಗೆ ಅಗತ್ಯವೆಂದು ತೋರಿಸುವ ವೈದ್ಯರ ಪತ್ರ ಜೊತೆಯಲ್ಲಿರಬೇಕು. ಎರಡನೆಯದು ಅವಧಿ. ವೈದ್ಯರ ಚೀಟಿಯ ಔಷಧವನ್ನು ಒಂದು ತಿಂಗಳ ಬಳಕೆಗಿಂತ ಹೆಚ್ಚು ಒಯ್ಯುವವರು 'ಯುನ್ಯೂ ಕಕುನಿನ್-ಶೋ' ಎಂಬ ಆಮದು ದೃಢೀಕರಣ ಪತ್ರವನ್ನು ಮುಂಚಿತವಾಗಿ ಪಡೆಯಬೇಕು. ಇದನ್ನು ಅಲ್ಲಿನ ಆರೋಗ್ಯ, ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯದ ಪ್ರಾದೇಶಿಕ ಕಚೇರಿ ನೀಡುತ್ತದೆ.

ಪ್ರತಿ ರಾತ್ರಿ 10 ಮಿಲಿಗ್ರಾಂ ಝೋಲ್ಪಿಡೆಮ್ ಸೇವಿಸುವ ಉದ್ಯೋಗಿಯೊಬ್ಬರು 45 ದಿನಗಳ ಕೆಲಸಕ್ಕಾಗಿ ಟೋಕಿಯೊಗೆ ಹೊರಟಿದ್ದಾರೆಂದು ಭಾವಿಸಬಹುದು. ಅವರ 45 ಮಾತ್ರೆಗಳು ಭಾರತದ 100ರ ಮಿತಿಯೊಳಗಿವೆ. ಆದರೆ ಒಟ್ಟು ತೂಕ 450 ಮಿಲಿಗ್ರಾಂ ಆಗುವುದರಿಂದ ವೈದ್ಯರ ಪತ್ರ ಬೇಕು. ಅವಧಿ ಒಂದು ತಿಂಗಳನ್ನು ಮೀರುವುದರಿಂದ ದೃಢೀಕರಣ ಪತ್ರವೂ ಬೇಕು. ಅವರು 30 ಮಾತ್ರೆಗಳನ್ನು ಮಾತ್ರ ಒಯ್ದರೆ ತೂಕ ಸರಿಯಾಗಿ 300 ಮಿಲಿಗ್ರಾಂ ಆಗಿ, ಎರಡೂ ಷರತ್ತುಗಳಿಂದ ಹೊರಗುಳಿಯುತ್ತಾರೆ.

ಮಾತ್ರೆಯ ಬಗೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ 12.5 ಮಿಲಿಗ್ರಾಂನ ಮಾತ್ರೆಯಾದರೆ 30 ದಿನಗಳಿಗೇ 375 ಮಿಲಿಗ್ರಾಂ ಆಗಿ ತೂಕದ ಮಿತಿ ಮೀರುತ್ತದೆ. 5 ಮಿಲಿಗ್ರಾಂನ 60 ಮಾತ್ರೆಗಳಾದರೆ ತೂಕ 300 ಮಿಲಿಗ್ರಾಂ ಮಾತ್ರ. ಆದರೂ ಅದು ಎರಡು ತಿಂಗಳ ಬಳಕೆಯಾದ್ದರಿಂದ ದೃಢೀಕರಣ ಪತ್ರ ಅನಿವಾರ್ಯ. ಮಾತ್ರೆಗಳ ಸಂಖ್ಯೆಯನ್ನಷ್ಟೇ ಎಣಿಸುವವರು ಎಡವುವುದು ಇಲ್ಲಿಯೇ.

ಅಮೆರಿಕ ಮತ್ತು ಎಟಿಜೋಲಾಮ್

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಝೋಲ್ಪಿಡೆಮ್ ನಾಲ್ಕನೆಯ ಅನುಸೂಚಿಯ ಔಷಧ. ಎರಡರಿಂದ ಐದನೆಯ ಅನುಸೂಚಿಯವರೆಗಿನ ಔಷಧಗಳನ್ನು ಪ್ರಯಾಣಿಕರು ಸ್ವಂತ ವೈದ್ಯಕೀಯ ಬಳಕೆಗಾಗಿ ತರಬಹುದು. ಆದರೆ ಔಷಧವು ಖರೀದಿಸಿದಾಗಿನ ಮೂಲ ಪೊಟ್ಟಣದಲ್ಲಿರಬೇಕು ಮತ್ತು ಅದು ತನ್ನ ಬಳಕೆಗೆಂದು ಕಸ್ಟಮ್ಸ್ ಅಧಿಕಾರಿಗೆ ಘೋಷಿಸಬೇಕು. ಒಂದನೆಯ ಅನುಸೂಚಿಯ ವಸ್ತುಗಳಿಗೆ ಈ ವಿನಾಯಿತಿ ಇಲ್ಲ.

ಭಾರತದ ಪ್ರಯಾಣಿಕರಿಗೆ ಈ ಕೊನೆಯ ಅಂಶ ಮುಖ್ಯ. ಭಾರತದಲ್ಲಿ ಕಳವಳ ಮತ್ತು ನಿದ್ರಾಹೀನತೆಗೆ ವೈದ್ಯರು ಬರೆದುಕೊಡುವ ಎಟಿಜೋಲಾಮ್ ಅಮೆರಿಕದಲ್ಲಿ ಔಷಧವಾಗಿ ಎಂದೂ ಮಾನ್ಯತೆ ಪಡೆದಿಲ್ಲ. 2023ರ ಜುಲೈಯಲ್ಲಿ ಅದನ್ನು ತಾತ್ಕಾಲಿಕ ಆದೇಶದ ಮೂಲಕ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಮಕ್ಕಳ ಮನೆಗೆ ಹೊರಟ ಹಿರಿಯರ ಬಳಿ ಎಟಿಜೋಲಾಮ್‌ನ ಚೀಟಿ, ಬಿಲ್ಲು, ವೈದ್ಯರ ಪತ್ರ ಎಲ್ಲವೂ ಕ್ರಮವಾಗಿದ್ದರೂ ಒಂದನೆಯ ಅನುಸೂಚಿಯ ವಸ್ತುವಿಗೆ ಅವು ರಕ್ಷಣೆ ನೀಡುವುದಿಲ್ಲ. ಇಂತಹ ಸಂದರ್ಭದಲ್ಲಿ ಇರುವ ದಾರಿಯೆಂದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳುವುದು. ಬದಲಾವಣೆಗೆ ವಾರಗಳೇ ಬೇಕಾಗಬಹುದಾದ್ದರಿಂದ ಅದು ಪ್ರಯಾಣದ ಹಿಂದಿನ ದಿನ ಆಗುವ ಕೆಲಸವಲ್ಲ.

ಮಾರ್ಗಮಧ್ಯದ ದೇಶಗಳು

ವಿಮಾನ ಬದಲಿಸುವ ದೇಶದ ಕಾನೂನು ಅಲ್ಲಿನ ನಿಲ್ದಾಣದೊಳಗೂ ಅನ್ವಯಿಸುತ್ತದೆ. ಕರ್ನಾಟಕದ ಕರಾವಳಿಯಿಂದ ಅನೇಕರು ಉದ್ಯೋಗಕ್ಕೆಂದು ತೆರಳುವ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ನಿಯಂತ್ರಿತ ಔಷಧಗಳನ್ನು ಒಯ್ಯಲು ಸರ್ಕಾರದ ಜಾಲತಾಣದ ಮೂಲಕ ಮುಂಗಡ ಅನುಮತಿ ಪಡೆಯಬೇಕು. ನೇರವಾಗಿ ಮುಂದಿನ ದೇಶಕ್ಕೆ ಹೋಗುವವರು ಕೂಡ ವಿಮಾನ ರದ್ದಾದರೆ ವಲಸೆ ತಪಾಸಣೆ ದಾಟಿ ಹೋಟೆಲಿಗೆ ತೆರಳಬೇಕಾಗಬಹುದು. ಆಗ ಅವರು ಕೈಚೀಲದ ಮಾತ್ರೆಗಳೊಡನೆ ಆ ದೇಶವನ್ನು ಪ್ರವೇಶಿಸಿದಂತಾಗುತ್ತದೆ. ಆದ್ದರಿಂದ ನಿಯಮಗಳನ್ನು ಪರಿಶೀಲಿಸುವಾಗ ಟಿಕೆಟ್ಟಿನಲ್ಲಿರುವ ಪ್ರತಿಯೊಂದು ನಿಲ್ದಾಣದ ದೇಶವನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕಾಗುತ್ತದೆ. ಅನುಸೂಚಿಗಳು ಆಗಾಗ ಬದಲಾಗುವುದರಿಂದ ಹಿಂದಿನ ಪ್ರಯಾಣದಲ್ಲಿ ತೊಂದರೆಯಾಗಲಿಲ್ಲ ಎಂಬುದು ಮುಂದಿನ ಪ್ರಯಾಣಕ್ಕೆ ಆಧಾರವಾಗದು. ಆಯಾ ದೇಶದ ರಾಯಭಾರ ಕಚೇರಿ ಅಥವಾ ಔಷಧ ನಿಯಂತ್ರಣ ಇಲಾಖೆಯ ಪ್ರಸ್ತುತ ಮಾಹಿತಿಯೇ ಅಧಿಕೃತ.